ಹಳೇ ಅಡ್ಮಿನ್‌ಗಳು ಪಾಸಾಗಿ ಹೋದರು, ಸಂಘದ ಪೇಜ್ ಯಾರಿಗೂ ತೆರೆಯುತ್ತಿಲ್ಲ: ತೊಡಕು ಎಲ್ಲಿದೆ ಅಂತ ಹುಡುಕುವ ಬಗೆ

ಪೇಜ್ ಕಾಣುತ್ತಿದೆ. ಕೊಡಚಾದ್ರಿ ಚಾರಣದ ಫೋಟೋ, ಮಂಡಗದ್ದೆಯ ಹಕ್ಕಿಗಳ ಫೋಟೋ ಎಲ್ಲ ಹಾಗೇ ಇವೆ. ಫಾಲೋವರ್‌ಗಳೂ ಇದ್ದಾರೆ. ಆದರೆ ಹೊಸ ಪೋಸ್ಟ್ ಹಾಕಲು ಈ ವರ್ಷದ ಪದಾಧಿಕಾರಿಗಳಲ್ಲಿ ಯಾರಿಗೂ ಆಗುವುದಿಲ್ಲ. ಹಳೇ ಕಾರ್ಯದರ್ಶಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾರೆ, ನಂಬರ್ ಬದಲಾಗಿದೆ. ಸಂಚಾಲಕ ಮೇಷ್ಟ್ರಿಗೆ ವರ್ಗವಾಗಿದೆ. ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ಅಂತ ಒಂದು ಇತ್ತಂತೆ, ಅದೂ ಸಿಗುತ್ತಿಲ್ಲ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೊಸ ತಂಡಗಳು ಸೇರಿಕೊಳ್ಳುವ ಹೊತ್ತಿಗೆ ಈ ತಾಪತ್ರಯ ಹೊತ್ತುಕೊಂಡು ಬರುವವರು ಜಾಸ್ತಿ. ಬಂದವರಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗಾಗಲೇ ತೋಚಿದ ಪಾಸ್‌ವರ್ಡ್ ಎಲ್ಲ ಹಾಕಿ ನೋಡಿರುತ್ತಾರೆ, ಓಟಿಪಿ ಮೇಲೆ ಓಟಿಪಿ ಕೇಳಿರುತ್ತಾರೆ, ಕೊನೆಗೆ ಪರದೆಯ ಮೇಲೆ `Please wait a few minutes before you try again.` ಅಂತ ಬರಲು ಶುರುವಾಗಿರುತ್ತದೆ. ಆ ಸಾಲು ಬಂದಿದ್ದರೆ ಅವತ್ತಿಗೆ ಕೈ ಬಿಡಿ. ಒತ್ತಿದಷ್ಟೂ ತಡೆ ಉದ್ದವಾಗುತ್ತದೆ. ಅದರ ಬದಲು ಪಾಸ್‌ವರ್ಡ್ ಮುಟ್ಟದೆ ಮಾಡಬಹುದಾದ ಪತ್ತೆ ಕೆಲಸ ಬೇಕಾದಷ್ಟಿದೆ, ಮೊದಲು ಅದನ್ನು ಮುಗಿಸಿಕೊಳ್ಳಿ.

ಮೊದಲು: ಫೇಸ್‌ಬುಕ್ಕೋ ಇನ್‌ಸ್ಟಾಗ್ರಾಮೋ

ಎರಡೂ ಒಂದೇ ಕಂಪನಿಯವು. ಆದರೆ ಒಳಗಿನ ವ್ಯವಸ್ಥೆ ಪೂರ್ತಿ ಬೇರೆ. ಇನ್‌ಸ್ಟಾಗ್ರಾಮ್ ಖಾತೆಗೆ ತನ್ನದೇ ಯೂಸರ್‌ನೇಮ್, ತನ್ನದೇ ಪಾಸ್‌ವರ್ಡ್, ತನ್ನದೇ ಮೇಲ್ ಮತ್ತು ಫೋನ್ ನಂಬರ್ ಇರುತ್ತದೆ. ಫೇಸ್‌ಬುಕ್ ಪೇಜ್‌ಗೆ ಪಾಸ್‌ವರ್ಡ್ ಅನ್ನುವುದೇ ಇಲ್ಲ. ಅದು ಯಾರದೋ ಸ್ವಂತ ಪ್ರೊಫೈಲ್‌ಗೆ ಅಂಟಿಕೊಂಡಿರುತ್ತದೆ, ಆ ವ್ಯಕ್ತಿ ತಮ್ಮ ಪ್ರೊಫೈಲ್‌ಗೆ ಲಾಗಿನ್ ಆದರೆ ಮಾತ್ರ ಪೇಜ್ ಕೈಗೆ ಸಿಗುತ್ತದೆ. ಹಾಗಾಗಿ ಹಳಬರಿಗೆ ಫೋನ್ ಮಾಡಿ "ಅಣ್ಣಾ, ಫೇಸ್‌ಬುಕ್ ಪೇಜಿನ ಪಾಸ್‌ವರ್ಡ್ ಏನು?" ಅಂತ ಕೇಳಿದರೆ "ಗೊತ್ತಿಲ್ಲ ಮಾರಾಯ" ಅನ್ನುವ ಉತ್ತರ ಬರುತ್ತದೆ. ಅವರು ನಿಜವನ್ನೇ ಹೇಳುತ್ತಿರುತ್ತಾರೆ, ಮಾತು ಅಲ್ಲಿಗೆ ಮುಗಿದುಹೋಗುತ್ತದೆ. ಆದರೆ ಪೇಜ್ ಅವರ ಪ್ರೊಫೈಲ್‌ನಲ್ಲೇ ಕೂತಿರಬಹುದು. ಕೇಳಬೇಕಾದದ್ದು "ನಿಮ್ಮ ಫೇಸ್‌ಬುಕ್ ತೆರೆದು, ಪ್ರೊಫೈಲ್ ಬದಲಿಸುವ ಜಾಗದಲ್ಲಿ ನಮ್ಮ ಸಂಘದ ಹೆಸರು ಕಾಣುತ್ತದಾ ನೋಡಿ" ಅಂತ.

ಇನ್‌ಸ್ಟಾಗ್ರಾಮ್‌ಗೂ ಇಂಥದ್ದೇ ಒಂದು ಸುಲಭದ ಪರೀಕ್ಷೆ ಇದೆ. ಆ್ಯಪ್ ತೆರೆದು ಕೆಳಗೆ ಬಲಗಡೆ ಇರುವ ತಮ್ಮ ಪ್ರೊಫೈಲ್ ಚಿತ್ರವನ್ನು ಒತ್ತಿ ಹಿಡಿದರೆ ಆ ಫೋನಿನಲ್ಲಿ ಲಾಗಿನ್ ಆಗಿರುವ ಖಾತೆಗಳೆಲ್ಲ ಕಾಣುತ್ತವೆ. ಹಿಂದಿನ ಮೂರು ನಾಲ್ಕು ವರ್ಷದ ಪದಾಧಿಕಾರಿಗಳಿಗೆಲ್ಲ ಇದೊಂದನ್ನು ಮಾಡಿ ನೋಡಲು ಹೇಳಿ. ತಾವಿನ್ನೂ ಒಳಗೇ ಇದ್ದೇವೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಯಾರಿಗಾದರೂ ಕಂಡರೆ ಅವರಿಗೆ ಹೇಳಬೇಕಾದ ಮೊದಲ ಮಾತು: ಲಾಗೌಟ್ ಒತ್ತಬೇಡಿ, ಆ್ಯಪ್ ಅಳಿಸಬೇಡಿ, ಫೋನ್ ರಿಸೆಟ್ ಮಾಡಬೇಡಿ. ಆಮೇಲೆ ಅವರ ಫೋನಿನಿಂದಲೇ Accounts Center ಒಳಗಿನ Personal details ಗೆ ಹೋಗಿ, ಸಂಘದ ಖಾತೆಗೆ ಯಾವ ಮೇಲ್, ಯಾವ ನಂಬರ್ ಇದೆ ಅಂತ ನೋಡಬಹುದು. ಅಲ್ಲೇ ಹೊಸ ಮೇಲ್ ಸೇರಿಸಲೂ ಪ್ರಯತ್ನಿಸಬಹುದು, ಕೆಲವೊಮ್ಮೆ ಪಾಸ್‌ವರ್ಡ್ ಕೇಳುತ್ತದೆ. ಕೇಳಿದರೆ ಅವರ ಗೂಗಲ್ ಖಾತೆಯಲ್ಲಿ ಉಳಿದ ಪಾಸ್‌ವರ್ಡ್‌ಗಳ ಪಟ್ಟಿ ನೋಡಲಿ. `passwords.google.com` ತೆರೆದು instagram ಅಂತ ಹುಡುಕಿದರೆ ಸಾಕು. ಯಾವತ್ತೋ ಕ್ರೋಮ್ "ಉಳಿಸಲೇ?" ಅಂತ ಕೇಳಿದಾಗ ಹೂಂ ಅಂದಿದ್ದರೆ ಅದು ಅಲ್ಲಿರುತ್ತದೆ.

ಹೊರಗಿನಿಂದಲೇ ಸಿಗುವ ಸುಳಿವುಗಳು

ಯಾರ ಫೋನಿನಲ್ಲೂ ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ಮುಂದಿನ ಪ್ರಶ್ನೆ, ಖಾತೆ ತೆರೆದದ್ದು ಯಾವ ವರ್ಷದ ತಂಡ ಅನ್ನುವುದು. ಇನ್‌ಸ್ಟಾಗ್ರಾಮ್‌ನಲ್ಲಿ ಸಂಘದ ಪ್ರೊಫೈಲ್‌ಗೆ ಹೋಗಿ ಮೇಲಿನ ಮೂರು ಚುಕ್ಕಿ ಒತ್ತಿದರೆ About this account ಅಂತ ಸಿಗುತ್ತದೆ. ಅದರಲ್ಲಿ ಖಾತೆ ಶುರುವಾದ ತಿಂಗಳು ಮತ್ತು ವರ್ಷ ಇರುತ್ತದೆ. ಆ ತಿಂಗಳು ಗೊತ್ತಾದರೆ ಸಂಘದ ಆ ಸಾಲಿನ ವರದಿ, ಕಾಲೇಜಿನ ವಾರ್ಷಿಕ ಸಂಚಿಕೆ, ಹಳೇ ಆಹ್ವಾನ ಪತ್ರಿಕೆ ತೆಗೆದು ಪದಾಧಿಕಾರಿಗಳ ಹೆಸರು ಹುಡುಕಬಹುದು. ನೆನಪಿನ ಮೇಲೆ ನಂಬಿಕೆ ಇಟ್ಟರೆ ದಾರಿ ತಪ್ಪುತ್ತದೆ. ಎಲ್ಲರೂ ಜೋರಾಗಿ ಪೋಸ್ಟ್ ಹಾಕುತ್ತಿದ್ದ ಹುಡುಗನ ಹೆಸರು ಹೇಳುತ್ತಾರೆ, ಖಾತೆ ತೆರೆದವರು ಅವನಿಗಿಂತ ಎರಡು ಬ್ಯಾಚ್ ಹಿಂದಿನವರಾಗಿರುತ್ತಾರೆ.

ಫೇಸ್‌ಬುಕ್‌ನಲ್ಲಿ ಇದಕ್ಕೆ ಸಮನಾದದ್ದು Page transparency. ಪೇಜಿನ About ಭಾಗದಲ್ಲಿರುತ್ತದೆ. ಪೇಜ್ ಹುಟ್ಟಿದ ದಿನ, ಹೆಸರು ಬದಲಾಗಿದ್ದರೆ ಅದು, ಮತ್ತು ಹಲವು ಪೇಜ್‌ಗಳಲ್ಲಿ ಅದನ್ನು ನೋಡಿಕೊಳ್ಳುವವರು ಯಾವ ದೇಶದಲ್ಲಿದ್ದಾರೆ, ಎಷ್ಟು ಮಂದಿ ಅನ್ನುವುದೂ ಕಾಣುತ್ತದೆ. ಭಾರತ 2 ಅಂತ ಇದ್ದರೆ ಇಬ್ಬರು ಇದ್ದಾರೆ, ಹುಡುಕಿದರೆ ಸಿಗುತ್ತಾರೆ. ಬೇರೆ ದೇಶದ ಹೆಸರೊಂದು ಕಂಡರೆ ಹೊರದೇಶಕ್ಕೆ ಓದಲು ಹೋದವರು ಯಾರು ಅಂತ ಯೋಚಿಸಿ, ಮಲೆನಾಡಿನ ಒಂದು ಸಣ್ಣ ಕಾಲೇಜಿನಲ್ಲಿ ಆ ಉತ್ತರ ಬೇಗ ಸಿಗುತ್ತದೆ.

ಇನ್ನೊಂದು ವಿಷಯ. ಪೇಜ್‌ನ ಪೂರ್ತಿ ಹಿಡಿತ ಒಬ್ಬರ ಕೈಯಲ್ಲಷ್ಟೇ ಇದ್ದು, ಅವರು ತಮ್ಮ ಪ್ರೊಫೈಲ್ ಡಿಆಕ್ಟಿವೇಟ್ ಮಾಡಿಕೊಂಡರೆ ಪೇಜೂ ಮರೆಯಾಗುತ್ತದೆ. ನಿನ್ನೆವರೆಗೆ ಇದ್ದ ಪೇಜ್ ಇದ್ದಕ್ಕಿದ್ದಂತೆ ಕಾಣದಾದರೆ ಹ್ಯಾಕ್ ಅಂತ ಗಾಬರಿ ಬೀಳುವ ಮೊದಲು ಹಳೇ ಅಡ್ಮಿನ್ ಫೇಸ್‌ಬುಕ್ ಬಿಟ್ಟರಾ ಅಂತ ವಿಚಾರಿಸಿ. ಬರೀ ಡಿಆಕ್ಟಿವೇಟ್ ಆಗಿದ್ದರೆ ಅವರು ಮತ್ತೆ ಲಾಗಿನ್ ಆದಾಗ ಎಲ್ಲ ವಾಪಸ್ ಬರಬಹುದು. ಪ್ರೊಫೈಲನ್ನೇ ಶಾಶ್ವತವಾಗಿ ಅಳಿಸಲು ಕೊಟ್ಟಿದ್ದರೆ 30 ದಿನದೊಳಗೆ ರದ್ದು ಮಾಡಿಸಬೇಕು, ಆಮೇಲೆ ಆಗುವುದಿಲ್ಲ. ಈ ಒಂದು ಸಂದರ್ಭದಲ್ಲಿ ಮಾತ್ರ ನಿಜವಾಗಿ ಅವಸರ ಮಾಡಬೇಕು.

ಅರ್ಧ ಮರೆಮಾಡಿದ ಮೇಲ್ ಮತ್ತು ನಂಬರ್

ಈಗ ಒಂದೇ ಒಂದು ಸಲ, ಇನ್‌ಸ್ಟಾಗ್ರಾಮ್‌ನಲ್ಲಿ ಸಂಘದ ಯೂಸರ್‌ನೇಮ್ ಹಾಕಿ ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿ. ಪರದೆಯ ಮೇಲೆ ಬರುವುದನ್ನು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ನಿಮಗೆ ಬೇಕಾದ ಸುಳಿವೆಲ್ಲ ಅಲ್ಲೇ ಇರುವುದು. ಸುಮಾರು ಹೀಗೆ ಕಾಣುತ್ತದೆ:

```
p*******b@gmail.com
+91 ***** ***47
```

ಮೇಲ್‌ನ ಮೊದಲ ಮತ್ತು ಕೊನೆಯ ಅಕ್ಷರ, ನಂಬರಿನ ಕೊನೆಯ ಎರಡು ಅಂಕಿ. ಮೇಲ್ ಸಂಘದ ಹೆಸರಿನ ಅಕ್ಷರಗಳಿಗೆ ಹೊಂದಿದರೆ ಸಂಘಕ್ಕೆಂದೇ ಮಾಡಿದ ಜಿಮೇಲ್ ಇರಬಹುದು. ಹೊಂದದಿದ್ದರೆ ಯಾರದೋ ಸ್ವಂತದ್ದು. ನಂಬರಿನ ಎರಡು ಅಂಕಿಯನ್ನು ಆ ವರ್ಷದ ಪದಾಧಿಕಾರಿಗಳ ನಂಬರ್ ಪಟ್ಟಿಗೆ ಹೋಲಿಸಿ ನೋಡಿ. ಹಳೇ ವಾಟ್ಸ್ಯಾಪ್ ಗುಂಪಿನ ಸದಸ್ಯರ ಪಟ್ಟಿ ಇಂಥ ಕಡೆ ತುಂಬ ಉಪಯೋಗಕ್ಕೆ ಬರುತ್ತದೆ, ಗುಂಪು ಸತ್ತಂತೆ ಬಿದ್ದಿದ್ದರೂ ಅದನ್ನು ಅಳಿಸಬೇಡಿ.

ನಂಬರ್ ಯಾರದು ಅಂತ ಗೊತ್ತಾಯಿತು, ಆದರೆ ಅವರು ಅದನ್ನು ಬಿಟ್ಟು ವರ್ಷವಾಯಿತು ಅಂದರೆ ಎಚ್ಚರ. ನಮ್ಮ ಕಡೆ ಇದು ತೀರಾ ಸಾಮಾನ್ಯ. ಹೊಸನಗರ, ಆಗುಂಬೆ ಕಡೆ ಮನೆ ಹತ್ತಿರ ಸಿಗ್ನಲ್ ಸಿಗುವ ಸಿಮ್ ಒಂದು, ಊರು ಬಿಟ್ಟ ಮೇಲೆ ತೆಗೆದುಕೊಂಡ ಸಿಮ್ ಇನ್ನೊಂದು, ಮೊದಲಿನದಕ್ಕೆ ರೀಚಾರ್ಜ್ ನಿಲ್ಲುತ್ತದೆ. ಬಂದಾದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ ಅಂತ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಅಂದರೆ ಆ ಅವಧಿ ಮುಗಿದ ಮೇಲೆ ಅದೇ ನಂಬರ್ ಇನ್ನೊಬ್ಬರಿಗೆ ಹೋಗಬಹುದು. ಒಂದು ಸಲ ಕರೆ ಮಾಡಿ ನೋಡಿ. ಬೇರೆಯವರು ಎತ್ತಿದರೆ ನಂಬರ್ ನಿಮ್ಮ ಕೈ ತಪ್ಪಿದೆ ಅಂತ ಬರೆದುಕೊಳ್ಳಿ. ಅವರಿಗೆ ಓಟಿಪಿ ಕಳಿಸಿ "ಸ್ವಲ್ಪ ಹೇಳ್ತೀರಾ" ಅಂತ ಕೇಳಲು ಹೋಗಬೇಡಿ. ಗೊತ್ತಿಲ್ಲದವರು ಓಟಿಪಿ ಕೇಳಿದರೆ ಕೊಡಬಾರದು ಅಂತ ಎಲ್ಲರಿಗೂ ಹೇಳಿಕೊಟ್ಟಿರುವುದು ಸರಿಯಾಗೇ ಇದೆ. ಅದೂ ಅಲ್ಲದೆ, ಆ ಓಟಿಪಿಯಿಂದ ನಿಮ್ಮ ಪೇಜ್ ಅವರ ಕೈಗೇ ಹೋಗಬಹುದು.

ಮೇಲ್ ವಿಷಯ ಹೀಗಲ್ಲ. ಅದು ಬದುಕಿದೆಯಾ ಅಂತ ಹೊರಗಿನಿಂದಲೇ ತಿಳಿಯಬಹುದು. ಆ ವಿಳಾಸಕ್ಕೆ ನಿಮ್ಮ ಜಿಮೇಲ್‌ನಿಂದ ಸುಮ್ನೆ ಒಂದು ಸಾಲಿನ ಮೇಲ್ ಕಳಿಸಿ ಕಾಯಿರಿ. ಏನೂ ವಾಪಸ್ ಬರದಿದ್ದರೆ ಡಬ್ಬಿ ಬದುಕಿದೆ. ವಾಪಸ್ ಬಂದರೆ ಅದರೊಳಗಿನ ಸಂಖ್ಯೆ ನೋಡಿ:

```
550 5.1.1
452 4.2.2
552 5.2.2
```

ಮೊದಲನೆಯದು ಅಂಥ ವಿಳಾಸವೇ ಇಲ್ಲ ಅನ್ನುತ್ತದೆ. ಎರಡನೆಯದು, ಮೂರನೆಯದು ಡಬ್ಬಿ ತುಂಬಿಹೋಗಿದೆ ಅನ್ನುತ್ತವೆ. ಇವುಗಳ ನಡುವೆ ಅಜಗಜಾಂತರ. 5.1.1 ಬಂದರೆ ಮೊದಲು ಸ್ಪೆಲ್ಲಿಂಗ್ ನೋಡಿ. ಅದು ಸರಿ ಇದ್ದರೆ ಖಾತೆ ಅಳಿದಿದೆ. ಎರಡು ವರ್ಷ ಯಾರೂ ತೆರೆಯದ ಸ್ವಂತ ಗೂಗಲ್ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಗೂಗಲ್ ಅಳಿಸುತ್ತಾ ಬಂದಿದೆ. ಅಳಿದ ಜಿಮೇಲ್ ವಿಳಾಸವನ್ನು ಮತ್ತೆ ಹೊಸದಾಗಿ ಮಾಡಿಕೊಳ್ಳಲು ಬರುವುದಿಲ್ಲ. ಡಬ್ಬಿ ತುಂಬಿದೆ ಅಂತ ಬಂದರೆ ಮಾತ್ರ ಅದು ಒಳ್ಳೆಯ ಸುದ್ದಿ, ಯಾಕೆಂದು ಮುಂದಿನ ಪ್ರಕರಣದಲ್ಲಿ ಹೇಳುತ್ತೇನೆ.

ವಿಳಾಸ ಕಾಲೇಜಿನ ಸ್ವಂತ ಡೊಮೈನ್‌ನದ್ದಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಕಾಲೇಜಿನ ಗೂಗಲ್ ವರ್ಕ್‌ಸ್ಪೇಸ್ ನೋಡಿಕೊಳ್ಳುವವರು ಆ ಖಾತೆಯ ಪಾಸ್‌ವರ್ಡ್ ಬದಲಿಸಬಲ್ಲರು. ಅಳಿಸಿ 20 ದಿನ ಆಗಿಲ್ಲದಿದ್ದರೆ ವಾಪಸ್ ತರಬಲ್ಲರು. ಅದು ದಾಟಿದ್ದರೂ ಅದೇ ಹೆಸರಿನ ವಿಳಾಸವನ್ನು ಹೊಸದಾಗಿ ಮಾಡಿ, ಅದಕ್ಕೆ ಬರುವ ರಿಸೆಟ್ ಮೇಲ್ ಹಿಡಿಯಬಹುದು. ಸಂಘದ ಹೆಸರಿನ ವಿಳಾಸವಾದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ಹೆಸರಿನ ವಿಳಾಸವಾಗಿದ್ದರೆ ಅವರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲಷ್ಟೇ ಕೈ ಹಾಕಬೇಕು. ಆ ವಿಳಾಸಕ್ಕೆ ಅವರ ಬೇರೆ ಖಾತೆಗಳೂ ಕೂಡಿಕೊಂಡಿರಬಹುದು.

ತೀರ್ಥಹಳ್ಳಿ ಕಡೆಯ ಒಂದು ಪರಿಸರ ಸಂಘ

ಇಷ್ಟೆಲ್ಲ ಹೇಗೆ ಒಂದಕ್ಕೊಂದು ಸೇರುತ್ತದೆ ಅಂತ ತೋರಿಸಲು ಒಂದು ಪ್ರಕರಣ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಪದವಿ ಕಾಲೇಜಿನ ಪರಿಸರ ಸಂಘ. ಇನ್‌ಸ್ಟಾಗ್ರಾಮ್ ಖಾತೆಗೆ ಯಾರಿಗೂ ಪ್ರವೇಶ ಇರಲಿಲ್ಲ. ಸಂಚಾಲಕಿ ಮೇಡಂ ಹೊಸಬರು. ಅವರು ಹೇಳಿದ ಲಕ್ಷಣ ವಿಚಿತ್ರವಾಗಿತ್ತು: "ಸರ್, ರಿಸೆಟ್ ಒತ್ತಿದರೆ ಮೇಲ್ ಕಳಿಸಿದ್ದೇವೆ ಅಂತ ತೋರಿಸುತ್ತದೆ. ಆದರೆ ಮೇಲ್ ಬರುವುದೇ ಇಲ್ಲ ಅಂತ ಹಳೇ ಕಾರ್ಯದರ್ಶಿ ಹೇಳ್ತಾಳೆ."

ಆ ಕಾರ್ಯದರ್ಶಿ ಬೆಂಗಳೂರಿನಲ್ಲಿದ್ದಳು. ಸಂಪರ್ಕಕ್ಕೆ ಸಿಕ್ಕಿದ್ದಳು, ಸಹಾಯಕ್ಕೂ ಸಿದ್ಧಳಿದ್ದಳು. ಸಂಘದ ಜಿಮೇಲ್ ತಾನೇ ಮಾಡಿದ್ದು ಅನ್ನುವುದೂ ಅವಳಿಗೆ ನೆನಪಿತ್ತು, ಅದರ ಪಾಸ್‌ವರ್ಡ್ ಮಾತ್ರ ಮರೆತಿತ್ತು. ಹಾಗಾದರೆ ಮೇಲ್ ಬರುತ್ತಿಲ್ಲ ಅಂತ ಅವಳಿಗೆ ಹೇಗೆ ಗೊತ್ತು? ಕೇಳಿದಾಗ ತಿಳಿಯಿತು, ಅವಳು ನೋಡುತ್ತಿದ್ದದ್ದು ತನ್ನ ಸ್ವಂತ ಜಿಮೇಲ್. ಸಂಘದ ಮೇಲ್‌ಗಳೆಲ್ಲ ತನಗೂ ಬರುವಂತೆ ಹಿಂದೆ ಫಾರ್ವರ್ಡ್ ಇಟ್ಟಿದ್ದಳು. ಆಗ ಬರುತ್ತಿದ್ದವು, ಈಗ ನಿಂತಿದ್ದವು.

ಸಂಘದ ವಿಳಾಸಕ್ಕೆ ಒಂದು ಪರೀಕ್ಷಾ ಮೇಲ್ ಕಳಿಸಿದೆವು. ಸ್ವಲ್ಪ ಹೊತ್ತಿಗೆ ವಾಪಸ್ ಬಂತು, ಒಳಗೆ 5.2.2. ಅಲ್ಲಿಗೆ ಕಾರಣ ಸಿಕ್ಕಿತು. ಉಚಿತ ಗೂಗಲ್ ಖಾತೆಗೆ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಜಾಗ. ಸಂಘದವರು ಚಾರಣದ ವೀಡಿಯೋ, ವನಮಹೋತ್ಸವದ ಫೋಟೋ ಎಲ್ಲವನ್ನೂ ಅದೇ ಖಾತೆಯ ಡ್ರೈವ್‌ಗೆ ಹಾಕುತ್ತಾ ಬಂದಿದ್ದರು. ಜಾಗ ತುಂಬಿದ ಮೇಲೆ ಹೊಸ ಮೇಲ್ ಒಳಗೆ ಬರುವುದಿಲ್ಲ. ಇನ್‌ಸ್ಟಾಗ್ರಾಮ್ ತನ್ನ ಪಾಡಿಗೆ ರಿಸೆಟ್ ಮೇಲ್ ಕಳಿಸುತ್ತಿತ್ತು, ಜಿಮೇಲ್ ತೆಗೆದುಕೊಳ್ಳುತ್ತಿರಲಿಲ್ಲ. ಇನ್‌ಸ್ಟಾಗ್ರಾಮ್ ಪರದೆಯಲ್ಲಿ ಇದರ ಸೂಚನೆಯೇ ಇರುವುದಿಲ್ಲ. ಹಾಗಾಗಿ ಅಲ್ಲಿ ಎಷ್ಟು ಸಲ ಒತ್ತಿದರೂ ಉಪಯೋಗವಿಲ್ಲ, ಮೊದಲು ಜಿಮೇಲ್ ತೆರೆಯಬೇಕು, ಜಾಗ ಮಾಡಬೇಕು.

ಜಿಮೇಲ್ ತೆರೆಯುವುದು ಹೇಗೆ? ಅದರ ರಿಕವರಿ ನಂಬರ್ ಅವಳ ಹಳೇ ಸಿಮ್, ಅದು ಬಂದಾಗಿತ್ತು. ಬೆಂಗಳೂರಿನ ಹೊಸ ಫೋನಿನಿಂದ `g.co/recover` ಗೆ ಹೋದರೆ, ಈ ಖಾತೆ ನಿಮ್ಮದೇ ಅಂತ ಖಚಿತಪಡಿಸಲು ಆಗಲಿಲ್ಲ ಅನ್ನುವ ಉತ್ತರ. ಇದರಲ್ಲಿ ಆಶ್ಚರ್ಯವಿಲ್ಲ. ಗೂಗಲ್ ಕೇಳುವ ಪ್ರಶ್ನೆಗಳಿಗೆ ಕೊಡುವ ಉತ್ತರದಷ್ಟೇ, ಯಾವ ಸಾಧನದಿಂದ, ಯಾವ ಜಾಗದಿಂದ ಪ್ರಯತ್ನಿಸುತ್ತಿದ್ದೀರಿ ಅನ್ನುವುದೂ ಮುಖ್ಯ. ಮೊದಲು ಲಾಗಿನ್ ಆಗುತ್ತಿದ್ದ ಫೋನ್ ಅಥವಾ ಕಂಪ್ಯೂಟರ್, ಅದೇ ಬ್ರೌಸರ್, ಅದೇ ಮನೆ ಅಥವಾ ಕಾಲೇಜಿನಿಂದ ಮಾಡಿ ಅಂತ ಗೂಗಲ್ಲೇ ಹೇಳುತ್ತದೆ. ಹೊಸ ಊರು, ಹೊಸ ಫೋನ್, ಹೊಸ ನಂಬರ್ ಮೂರೂ ಸೇರಿದರೆ ಅದರ ಕಣ್ಣಿಗೆ ಅವಳೂ ಒಬ್ಬ ಅಪರಿಚಿತಳೇ.

ಅವಳನ್ನು ಕೇಳಿದ ಮುಖ್ಯ ಪ್ರಶ್ನೆ ಇದು: "ಕಾಲೇಜಿನಲ್ಲಿದ್ದಾಗ ಬಳಸುತ್ತಿದ್ದ ಫೋನ್ ಈಗ ಎಲ್ಲಿದೆ?"

"ಮನೇಲಿದೆ ಸರ್. ಅಮ್ಮ ಯೂಟ್ಯೂಬ್ ನೋಡ್ತಾರೆ."

ಇಂಥ ಪ್ರಕರಣಗಳಲ್ಲಿ ನಾನು ಮೊದಲು ಹುಡುಕುವುದು ಈ ಹಳೇ ಫೋನನ್ನೇ. ಹೊಸ ಫೋನ್ ಕೊಂಡವರು ಹಳೆಯದನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ, ಖಾತೆಗಳನ್ನು ತೆಗೆಯುವ ಗೋಜಿಗೆ ಹೋಗುವುದಿಲ್ಲ. ಅವಳು ಹಬ್ಬಕ್ಕೆ ಊರಿಗೆ ಬಂದಾಗ ನೋಡಿದರೆ, ಆ ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಸಂಘದ ಖಾತೆ ಹಾಗೇ ಇತ್ತು. ಪಾಸ್‌ವರ್ಡ್ ಬದಲಿಸಲು ಹೋದಾಗ ಹಳೇ ಪಾಸ್‌ವರ್ಡ್ ಕೇಳಿತು, ಮರೆತಿದೆ ಅಂದಾಗ ಅದೇ ಫೋನಿನ ಪರದೆಯ ಲಾಕ್ ತೆರೆದು ಹೌದು ಅಂತ ಒತ್ತಲು ಹೇಳಿತು. ಆ ಲಾಕಿನ ಪಿನ್ ಅಮ್ಮನಿಗೆ ಮಾತ್ರ ಗೊತ್ತಿತ್ತು, ಅವರು ಪಕ್ಕದಲ್ಲೇ ಇದ್ದದ್ದು ಒಳ್ಳೆಯದಾಯಿತು.

ಇಲ್ಲಿಂದ ಮುಂದೆ ಕ್ರಮ ಮುಖ್ಯ. ಮೊದಲು ಜಿಮೇಲ್‌ನ ಪಾಸ್‌ವರ್ಡ್ ಬದಲಾಯಿಸಿ, ಸಂಚಾಲಕಿ ಮೇಡಂ ನಂಬರನ್ನು ರಿಕವರಿಗೆ ಹಾಕಿದೆವು. ಹಾಗೆ ಬದಲಿಸಿದ ಮೇಲೂ ಕೆಲವು ದಿನ ಗೂಗಲ್ ಹಳೇ ನಂಬರಿಗೇ ಕೋಡ್ ಕಳಿಸಲೇ ಅಂತ ಕೇಳಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಮೇಲೆ ಡ್ರೈವ್‌ನ ದೊಡ್ಡ ವೀಡಿಯೋಗಳನ್ನು ಕಾಲೇಜಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಡ್ರೈವ್‌ನಿಂದ ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿದೆವು. ಟ್ರ್ಯಾಶ್‌ನಲ್ಲಿ ಇರುವವರೆಗೆ ಅದು ಜಾಗ ತಿನ್ನುತ್ತಲೇ ಇರುತ್ತದೆ, ಇದನ್ನು ಬಿಟ್ಟು "ಅಳಿಸಿದರೂ ಜಾಗ ಆಗಲಿಲ್ಲ" ಅನ್ನುವವರು ಬಹಳ. ಖಾಲಿ ಮಾಡಿದ್ದು ಲೆಕ್ಕಕ್ಕೆ ಬರಲೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಾಗಾಗಿ ಅವತ್ತು ಇನ್‌ಸ್ಟಾಗ್ರಾಮ್ ಮುಟ್ಟಲಿಲ್ಲ. ಮರುದಿನ ಮತ್ತೊಂದು ಪರೀಕ್ಷಾ ಮೇಲ್ ಕಳಿಸಿ, ಅದು ಒಳಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಒಂದೇ ಸಲ ರಿಸೆಟ್ ಒತ್ತಿದೆವು. ಮೇಲ್ ಬಂತು. ಕಳಿಸಿದವರ ವಿಳಾಸ `security@mail.instagram.com` ಅಂತ ಇದೆಯಾ ನೋಡಿಕೊಂಡು ಲಿಂಕ್ ತೆರೆದೆವು. ಹಿಂದೆ ಹಲವು ಸಲ ಒತ್ತಿ ಬೇರೆ ಬೇರೆ ಲಿಂಕ್ ಬಂದಿದ್ದರೆ ಕೊನೆಯದನ್ನು ಮಾತ್ರ ಬಳಸಿ.

ಒಳಗೆ ಹೋದ ಮೇಲೆ ಮೊದಲ ಕೆಲಸ ಪೋಸ್ಟ್ ಹಾಕುವುದಲ್ಲ. Accounts Center ಒಳಗೆ Password and security, ಅಲ್ಲಿ Where you're logged in ನೋಡಿದೆವು. ಯಾರೂ ಗುರುತಿಸಲಾಗದ ಫೋನುಗಳು ಅಲ್ಲಿದ್ದವು, ಹಳೇ ತಂಡದವರದ್ದೇ ಇರಬೇಕು, ಅವೆಲ್ಲವನ್ನೂ ಹೊರಹಾಕಿದೆವು. ಬಂದಾದ ಫೋನ್ ನಂಬರನ್ನು ತೆಗೆದು ಹೊಸದು ಹಾಕಿದೆವು. ಆ ನಂಬರ್ ಮುಂದೆ ಯಾರ ಕೈ ಸೇರುತ್ತದೋ ಗೊತ್ತಿಲ್ಲವಲ್ಲ, ಅದು ಖಾತೆಯಲ್ಲಿ ಒಂದು ದಿನವೂ ಉಳಿಯಬಾರದು.

ಪೋಸ್ಟ್ ಹಾಕಲು ಆಗುತ್ತದೆ, ಬೇರೆಯವರನ್ನು ಸೇರಿಸಲು ಆಗುವುದಿಲ್ಲ

ಫೇಸ್‌ಬುಕ್ ಪೇಜ್‌ಗಳಲ್ಲಿ ಈ ಅರ್ಧಂಬರ್ಧ ಸ್ಥಿತಿ ಆಗಾಗ ಕಾಣುತ್ತದೆ. ಒಬ್ಬ ಹುಡುಗನಿಗೆ ಪೇಜ್ ತೆರೆಯುತ್ತದೆ, ಪೋಸ್ಟೂ ಹೋಗುತ್ತದೆ, ಆದರೆ Page access ನಲ್ಲಿ ಹೊಸಬರನ್ನು ಸೇರಿಸುವ ಗುಂಡಿ ಇರುವುದಿಲ್ಲ. ಅವನ ಫೋನೂ ಸರಿ ಇದೆ, ಆ್ಯಪೂ ಸರಿ ಇದೆ. ಅವನಿಗೆ ಪೂರ್ತಿ ಹಿಡಿತ ಕೊಟ್ಟಿಲ್ಲ ಅಷ್ಟೇ. ಪೂರ್ತಿ ಹಿಡಿತ, ಅಂದರೆ full control ಇರುವವರು ಮಾತ್ರ ಇನ್ನೊಬ್ಬರನ್ನು ಸೇರಿಸಬಹುದು, ತೆಗೆಯಬಹುದು. ಇಂಥವನು ಕೊನೆಯ ವರ್ಷದಲ್ಲಿದ್ದರೆ ಅವನ ಮೂಲಕ ಪೇಜ್ ಉಳಿಯುತ್ತದೆ ಅಂತ ನಂಬಿ ಕೂರಬೇಡಿ, ಮೇಲಿನವರನ್ನು ಈಗಲೇ ಹುಡುಕಿ. ಮೇಲಿನವರು ಸಿಕ್ಕರೆ ಅವರು ಆಹ್ವಾನ ಕಳಿಸಬೇಕು, ತಮ್ಮ ಪಾಸ್‌ವರ್ಡ್ ಹಾಕಿ ಖಚಿತಪಡಿಸಬೇಕು, ಹೊಸಬರು ಅದನ್ನು ಒಪ್ಪಿಕೊಳ್ಳಬೇಕು. ಒಪ್ಪದೆ ಬಿಟ್ಟ ಆಹ್ವಾನ ಕೆಲ ಕಾಲದ ಮೇಲೆ ಅವಧಿ ಮುಗಿದು ಹೋಗುತ್ತದೆ. "ನಾನು ಸೇರಿಸಿದ್ದೆನಲ್ಲ" ಅಂತ ಹಳಬರು, "ನನಗೇನೂ ಬಂದೇ ಇಲ್ಲ" ಅಂತ ಹೊಸಬರು ಹೇಳುವ ಜಗಳದಲ್ಲಿ ಸಾಮಾನ್ಯವಾಗಿ ಇಬ್ಬರದ್ದೂ ನಿಜವೇ.

ಯಾವ ದಾರಿಯೂ ಉಳಿಯದಿದ್ದರೆ

ಮೇಲ್ 5.1.1, ನಂಬರ್ ಬೇರೆಯವರ ಕೈಯಲ್ಲಿ, ಯಾರ ಫೋನಿನಲ್ಲೂ ಖಾತೆ ಇಲ್ಲ. ಇಂಥ ಸಂದರ್ಭದಲ್ಲಿ ಇನ್‌ಸ್ಟಾಗ್ರಾಮ್ ವೀಡಿಯೋ ಸೆಲ್ಫಿ ಕೇಳಬಹುದು. ಅದು ಖಾತೆಯಲ್ಲಿರುವ ಫೋಟೋಗಳ ಮುಖಕ್ಕೆ ಹೋಲಿಸಲು. ಸಂಘದ ಖಾತೆಯಲ್ಲಿ ಇರುವುದು ಪೋಸ್ಟರ್, ಜಲಪಾತ, ಗುಂಪಿನ ಫೋಟೋ. ಒಬ್ಬರ ಮುಖ ಅಂತ ಇಲ್ಲದ ಕಡೆ ಇದರಿಂದ ಫಲ ಸಿಗುವುದು ಕಷ್ಟ. ಮುಖವಿಲ್ಲದ ಖಾತೆಗಳಿಗೆ ಶುರುವಿನಲ್ಲಿ ಕೊಟ್ಟ ಮೇಲ್ ಅಥವಾ ನಂಬರ್, ಆಗ ಬಳಸಿದ ಸಾಧನ ಯಾವುದು ಅಂತ ಕೇಳುತ್ತಾರೆ, ಹಾಗಾಗಿ ಖಾತೆ ತೆರೆದವರನ್ನು ಬಿಟ್ಟು ಇದಕ್ಕೆ ಉತ್ತರಿಸಲು ಯಾರಿಗೂ ಆಗುವುದಿಲ್ಲ. ಫೇಸ್‌ಬುಕ್ ಪೇಜ್‌ಗಾದರೆ ಪ್ರಾಂಶುಪಾಲರ ಸಹಿ ಇರುವ, ಕಾಲೇಜಿನ ಲೆಟರ್‌ಹೆಡ್ ಮೇಲಿನ ಪತ್ರ ಸಿದ್ಧವಿಟ್ಟುಕೊಳ್ಳಿ. ಪೇಜ್ ಯಾರದು, ಕೇಳುತ್ತಿರುವವರಿಗೆ ಕಾಲೇಜಿನಲ್ಲಿ ಯಾವ ಹುದ್ದೆ, ಏನು ಬದಲಾಗಬೇಕು ಅನ್ನುವುದು ಅದರಲ್ಲಿ ಸ್ಪಷ್ಟವಾಗಿರಲಿ. ಆದರೆ ಇದರ ಮೇಲೆ ಪೂರ್ತಿ ಭರವಸೆ ಇಟ್ಟು ಕಾರ್ಯಕ್ರಮದ ಪ್ರಚಾರ ನಿಲ್ಲಿಸಬೇಡಿ.

ಹಣ ಕೊಟ್ಟರೆ ಪೇಜ್ ಬಿಡಿಸಿಕೊಡುತ್ತೇವೆ ಅಂತ ಸಂದೇಶ ಕಳಿಸುವವರಿಗೆ ಉತ್ತರವನ್ನೇ ಕೊಡಬೇಡಿ. ಅವರಿಗೆ ನಿಮಗಿಂತ ಹೆಚ್ಚಿನ ದಾರಿ ಯಾವುದೂ ಇಲ್ಲ, ಹಣ ಪಡೆದು ಓಟಿಪಿ ಕೇಳುತ್ತಾರೆ.

ಹೊಸ ಪೇಜ್ ಮಾಡಲೇಬೇಕಾದರೆ ಹಳೇ ಯೂಸರ್‌ನೇಮ್ ಸಿಗುವುದಿಲ್ಲ, ಹತ್ತಿರದ ಹೆಸರು ಇಟ್ಟುಕೊಳ್ಳಿ. ಹಳೇ ಪೇಜ್ ಫಾಲೋ ಮಾಡುವ ಅಧ್ಯಾಪಕರು ಮತ್ತು ಹಳೇ ವಿದ್ಯಾರ್ಥಿಗಳು ತಮ್ಮ ಸ್ಟೋರಿಯಲ್ಲಿ ಹೊಸದನ್ನು ಹಾಕಲಿ. ನೋಟಿಸ್ ಬೋರ್ಡ್, ಬ್ಯಾನರ್, ಕಾಲೇಜಿನ ವೆಬ್‌ಸೈಟ್‌ನಲ್ಲಿರುವ ಹಳೇ ಕ್ಯೂಆರ್ ಕೋಡ್ ತೆಗೆಯಿರಿ, ಇಲ್ಲದಿದ್ದರೆ ಪ್ರತಿ ವರ್ಷದ ಹೊಸ ಮಕ್ಕಳು ಯಾರೂ ಇಲ್ಲದ ಪೇಜಿಗೆ ಸಂದೇಶ ಕಳಿಸುತ್ತಲೇ ಇರುತ್ತಾರೆ.

ಖಾತೆ ಕೈಗೆ ಸಿಕ್ಕ ದಿನವೇ ಮಾಡಬೇಕಾದದ್ದು

ಎರಡು ಹಂತದ ಲಾಗಿನ್ ಇಡಿ, ಆದರೆ ಎಸ್‌ಎಂಎಸ್ ಮೇಲೆ ಅಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತರೆ ನಮ್ಮ ಕಡೆ ಎಸ್‌ಎಂಎಸ್ ಯಾವಾಗ ಬರುತ್ತದೆ ಅಂತ ಹೇಳಲಾಗದು, ಬರುವಷ್ಟರಲ್ಲಿ ಕೋಡಿನ ಅವಧಿ ಮುಗಿದಿರುತ್ತದೆ. ಅಥೆಂಟಿಕೇಟರ್ ಆ್ಯಪ್ ಕೊಡುವ ಆರು ಅಂಕಿಯ ಕೋಡಿಗೆ ನೆಟ್‌ವರ್ಕೇ ಬೇಡ, ಫೋನಿನ ಗಡಿಯಾರ ಸರಿ ಇದ್ದರೆ ಸಾಕು. ಹೊಂದಿಸುವಾಗ ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಎರಡು ಫೋನುಗಳಿಂದ ಸ್ಕ್ಯಾನ್ ಮಾಡಿ, ಒಂದು ಸಂಚಾಲಕರದ್ದು, ಒಂದು ಎರಡನೇ ವರ್ಷದ ವಿದ್ಯಾರ್ಥಿಯದ್ದು. ಎರಡರಲ್ಲೂ ಒಂದೇ ಕೋಡ್ ಬರುತ್ತಿದೆ ಅಂತ ನೋಡಿದ ಮೇಲೇ ಮುಂದಕ್ಕೆ ಒತ್ತಿ. ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ವಿಭಾಗದ ಕಡತದಲ್ಲಿ ಇಡಿ.

ಹಸ್ತಾಂತರಕ್ಕೆ ಒಳ್ಳೆಯ ಜಾಗ ಅಂದರೆ ನೋ ಡ್ಯೂ ಫಾರಂ. ಲೈಬ್ರರಿ, ಲ್ಯಾಬ್, ಹಾಸ್ಟೆಲ್ ಸಹಿ ಆಗದೆ ಟಿಸಿ ಸಿಗುವುದಿಲ್ಲ ಅಲ್ವಾ, ಪದಾಧಿಕಾರಿಗಳಿಗೆ ಅದರಲ್ಲೇ ಸಂಘದ ಸಂಚಾಲಕರ ಸಹಿಯ ಒಂದು ಸಾಲು ಸೇರಿಸಲು ಪ್ರಾಂಶುಪಾಲರನ್ನು ಕೇಳಿ. ಸಹಿ ಹಾಕುವ ಮೊದಲು ಸಂಚಾಲಕರು Page access ತೆರೆದು ನೋಡಲಿ. ಹೊಸಬರ ಹೆಸರು ಪಟ್ಟಿಯಲ್ಲಿ full control ಜೊತೆ ಬಂದಿರಬೇಕು, ಆಹ್ವಾನ ಬಾಕಿ ಇದೆ ಅಂತ ಇದ್ದರೆ ಸಾಲದು. ಹೊಸಬರು ತಮ್ಮ ಫೋನಿನಿಂದ ಒಂದು ಪೋಸ್ಟ್ ಹಾಕಿ ತೋರಿಸಲಿ, ಆಮೇಲೆ ಅದೇ ಫೋನಿನಿಂದ ಹಳಬರ ಹೆಸರು ತೆಗೆಯಲಿ.